ಸೈಟ್ ಇದೆ, ಹೆಸರು ಹೊಡೆದರೆ ಬರುತ್ತದೆ, ಒಳಗಿನ ಮಾತು ಹುಡುಕಿದರೆ ಮಾತ್ರ ಸಿಗುವುದಿಲ್ಲ. ಯಾಕೆ?

ಮಿಡಿಮಾವು_ಶಿರಸಿ

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಬನವಾಸಿ ರಸ್ತೆಯಲ್ಲಿ ಸ್ವಲ್ಪ ಒಳಗೆ ನಮ್ಮೂರು. ನಾಲ್ಕೈದು ಜನ ಸೇರಿ ಅಪ್ಪೆಮಿಡಿ ಬಗ್ಗೆ ಒಂದು ಸೈಟ್ ಮಾಡಿದ್ದೇವೆ. ಯಾವ ಮರ ಯಾವ ಹೊಳೆಯ ದಂಡೆಯಲ್ಲಿದೆ, ಸೊನೆ ಎಷ್ಟು ಘಾಟು, ಮಿಡಿ ಭರಣಿಯಲ್ಲಿ ಎಷ್ಟು ವರ್ಷ ಗಟ್ಟಿಯಾಗಿ ಉಳಿಯುತ್ತದೆ, ಇಂಥದ್ದೆಲ್ಲ. ಒಟ್ಟು 112 ಪುಟ. ಅದರಲ್ಲಿ 40 ಪುಟ ಹಳೆಯವು, ಚಿಕ್ಕಪ್ಪ 2005ರ ಸುಮಾರಿಗೆ ಟೈಪ್ ಮಾಡಿಟ್ಟಿದ್ದವು.

ಮೇ ಮೊದಲ ವಾರ ಸೈಟ್ ಬಿಟ್ಟೆವು. ಈಗ ಜೂನ್. ಗೂಗಲ್‌ನಲ್ಲಿ ಸೈಟಿನ ಹೆಸರು ಹೊಡೆದರೆ ವಿಳಾಸ ಬರುತ್ತದೆ, ಆದರೆ ಅದರ ಕೆಳಗೆ ಎರಡು ಸಾಲು ವಿವರ ಇರುತ್ತದಲ್ಲ, ಅದು ಇಲ್ಲ. "ಜೀರಿಗೆ ಅಪ್ಪೆ ಉಪ್ಪಿನಕಾಯಿ" ಅಂತ ಹುಡುಕಿದರೆ ಯಾರ್‍ಯಾರದೋ ಪುಟ ಬರುತ್ತದೆ, ನಮ್ಮದಿಲ್ಲ. ನಮ್ಮ ಸೈಟ್ ಸ್ವಲ್ಪ ನಿಧಾನ. ನಾನು ಹುಡುಕು ಒತ್ತಿದ ಕೂಡಲೇ ಗೂಗಲ್ ಎಲ್ಲ ಸೈಟಿಗೂ ಓಡಿ ನೋಡುವಾಗ ನಮ್ಮದು ತೆರೆಯುವ ತನಕ ಕಾಯದೆ ಮುಂದೆ ಹೋಗುತ್ತಿದೆಯೋ ಏನೋ ಅಂತ ನನ್ನ ಅನುಮಾನ. ಜಾಸ್ತಿ ದುಡ್ಡಿನ ಹೋಸ್ಟಿಂಗ್ ತಗೊಂಡರೆ ಸರಿಹೋಗುತ್ತದೆಯೇ?

ಕುಮಟಾ_ವೆಬ್

ಭಟ್ರೇ, ನಾನು ಸೈಟ್ ಮಾಡಿಕೊಡುವವನೇ, ಹಾಗಾಗಿ ಹೇಳುತ್ತೇನೆ. ವಿಳಾಸ ಬರುತ್ತಿದೆ ಅಂದರೆ ಗೂಗಲ್ ನಿಮ್ಮ ಸೈಟ್ ಓದಿಯಾಗಿದೆ. ಅದರಲ್ಲಿ ಏನೂ ತೊಂದರೆ ಇಲ್ಲ. ಪುಟದ ತಲೆಯಲ್ಲಿ ಕೀವರ್ಡ್ಸ್ ಅಂತ ಒಂದು ಮೆಟಾ ಟ್ಯಾಗ್ ಹಾಕಬೇಕು, ಅದಕ್ಕೆ ಅಪ್ಪೆಮಿಡಿ, ಉಪ್ಪಿನಕಾಯಿ, ಶಿರಸಿ, ಮಾವು ಎಲ್ಲ ತುಂಬಿ. ಆಮೇಲೆ ದಿನಾ ಒಂದು ಸಲ ಸೈಟಿನ ವಿಳಾಸ ಸಬ್ಮಿಟ್ ಮಾಡುತ್ತಾ ಇರಿ. ಹೋಸ್ಟಿಂಗ್ ಬದಲಾಯಿಸಬೇಕಾಗಿಲ್ಲ.

ಅಂಕೋಲೆ_ಮೀನು

ನಮ್ಮದೂ ಇದೇ ಕತೆ ಮಾರಾಯ್ರೆ. ಅಂಗಡಿ ಇರುವುದು ಬಸ್‌ಸ್ಟ್ಯಾಂಡ್ ಕಡೆ, ಮ್ಯಾಪ್ ತೋರಿಸುವುದು ಹೊಳೆಯ ಆಚೆ. ಮೊನ್ನೆ ಇಸೋಣ ಬೇಕು ಅಂತ ಬಂದವರು ಒಬ್ಬರು ಹೊಳೆ ಹತ್ತಿರ ನಿಂತು ಫೋನ್ ಮಾಡಿದರು. ಯಾರಿಗೆ ಹೇಳಬೇಕು ಇದನ್ನ?

ಕಾಳಿದಂಡೆ

ಅಂಕೋಲೆಯವರೇ, ಮ್ಯಾಪ್ ಬೇರೆ ವಿಷಯ. ಅಲ್ಲಿ ಅಂಗಡಿಯ ಮೇಲೆ ಒತ್ತಿದರೆ ತಿದ್ದಲು ಸೂಚಿಸುವ ಜಾಗ ಇದೆ, ಅಲ್ಲಿಂದ ಕಳಿಸಿ.

ಭಟ್ರೇ, ನಾನು ಕಾರವಾರದವಳು. ಬೆಂಗಳೂರಿನಲ್ಲಿ ಎಂಟು ವರ್ಷ ಇದೇ ಕೆಲಸ ಮಾಡಿದ್ದೇನೆ, ಒಂದು ಕಂಪನಿಯ ಹುಡುಕಾಟದ ವಿಭಾಗದಲ್ಲಿ. ಮೊದಲು ನಿಮ್ಮ ಅನುಮಾನಕ್ಕೆ ಉತ್ತರ. ನೀವು ಹುಡುಕು ಒತ್ತಿದಾಗ ನಿಮ್ಮ ಸೈಟಿಗೆ ಯಾರೂ ಬರುವುದಿಲ್ಲ, ಬೇರೆ ಯಾರ ಸೈಟಿಗೂ ಹೋಗುವುದಿಲ್ಲ. ಒಂದು ಸೆಕೆಂಡಿನೊಳಗೆ ಉತ್ತರ ಕೊಡಬೇಕು ಅಂದರೆ ಆಗ ಹೊರಗೆ ಓಡಾಡುವ ಪುರಸೊತ್ತೇ ಇಲ್ಲ. ಉತ್ತರ ಬರುವುದು ಅವರ ಬಳಿ ಮೊದಲೇ ಸಿದ್ಧ ಇರುವ ಇಂಡೆಕ್ಸ್‌ನಿಂದ. ಅದಕ್ಕೆ ಬೇಕಾದ ಪುಟಗಳನ್ನು ಕ್ರಾಲರ್ ಅನ್ನುವ ಪ್ರೋಗ್ರಾಮ್ ದಿನಗಳ ಹಿಂದೆ, ಕೆಲವೊಮ್ಮೆ ತಿಂಗಳ ಹಿಂದೆ, ತಂದು ಹಾಕಿರುತ್ತದೆ. ನೀವು ಹುಡುಕುವ ಗಳಿಗೆಗೆ ನಿಮ್ಮ ಸರ್ವರ್ ಬಂದ್ ಆಗಿದ್ದರೂ ಫಲಿತಾಂಶದಲ್ಲಿ ಪುಟ ಬರುತ್ತದೆ.

ಕುಮಟಾದವರ ಮಾತು ಅರ್ಧ ಸರಿ, ಹೋಸ್ಟಿಂಗ್ ಬದಲಾಯಿಸುವುದು ಬೇಡ. ಕೀವರ್ಡ್ಸ್ ಟ್ಯಾಗ್ ಅನ್ನು ವೆಬ್ ಹುಡುಕಾಟದ ಕ್ರಮಕ್ಕೆ ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಇನ್ನು ವಿಳಾಸ ಬಂತು ಅಂದರೆ ಪುಟ ಓದಿದೆ ಅಂತ ಅರ್ಥ ಅಲ್ಲ. ವಿವರ ಇಲ್ಲದೆ ಬರೀ ವಿಳಾಸ ಬರುತ್ತಿದೆ ಅಂದರೆ ನನಗೆ ಬೇರೆಯೇ ವಾಸನೆ ಬರುತ್ತಿದೆ. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಸೈಟಿಗೆ ಯಾರು ಬಂದು ಏನು ಕೇಳಿದರು ಅಂತ ಬರೆದಿಡುವ ಆ್ಯಕ್ಸೆಸ್ ಲಾಗ್ ಅಂತ ಇರುತ್ತದೆ. ಅದರಲ್ಲಿ ಗೂಗಲ್‌ಬಾಟ್ ಅನ್ನುವ ಅವರ ಕ್ರಾಲರಿನ ಹೆಸರಿರುವ ಸಾಲು ಹುಡುಕಿ ಇಲ್ಲಿ ಹಾಕಿ.

ಮಿಡಿಮಾವು_ಶಿರಸಿ

ಅಕ್ಕಾ, ಇಡೀ ವಾರದ ಲಾಗ್ ನೋಡಿದೆ. ಈ ಥರದ ಸಾಲು ದಿನಕ್ಕೆ ಒಂದೋ ಎರಡೋ. ಬೇರೆ ಏನೂ ಇಲ್ಲ.

```
66.249.66.1 - - [09/Jun/2025:03:14:07 +0530] "GET /robots.txt HTTP/1.1" 200 26 "-" "Mozilla/5.0 (compatible; Googlebot/2.1; +http://www.google.com/bot.html)"
```

ಕಾಳಿದಂಡೆ

ಸಿಕ್ಕಿತು. ಸಾಲಿನ ನಡುವೆ `200 26` ನೋಡಿ. 200 ಅಂದರೆ ಕೇಳಿದ ಫೈಲ್ ಕೊಟ್ಟಾಯಿತು ಅಂತ. 26 ಅಂದರೆ ಆ ಫೈಲು ಎಷ್ಟು ಬೈಟ್ ಅಂತ. 26 ಬೈಟಿನ robots.txt ನನಗೆ ಗೊತ್ತಿರುವುದು ಒಂದೇ. ನಿಮ್ಮ ಫೈಲ್ ತೆರೆಯದೇ ಹೇಳುತ್ತೇನೆ, ಒಳಗೆ ಇರುವುದು ಇದು:

```
User-agent: *
Disallow: /
```

ಮೊದಲ ಸಾಲು 13 ಅಕ್ಷರ, ಎರಡನೆಯದು 11, ಸಾಲು ಮುರಿದದ್ದಕ್ಕೆ ಎರಡು. ಯಾವ ಬಾಟ್ ಆದರೂ ಸರಿ, ಸೈಟಿನ ಯಾವ ಪುಟವನ್ನೂ ತರಬೇಡ ಅಂತ ಇದರ ಅರ್ಥ. ಸೈಟ್ ಕಟ್ಟುವಾಗ ಅರೆಬರೆ ಪುಟ ಹೊರಗೆ ಹೋಗಬಾರದು ಅಂತ ಇದನ್ನು ಹಾಕುತ್ತಾರೆ. ಬಿಡುಗಡೆ ಮಾಡುವ ದಿನ ತೆಗೆಯಲು ಮರೆತಿದ್ದಾರೆ. ಕ್ರಾಲರ್ ಯಾವ ಸೈಟಿಗೆ ಬಂದರೂ ಮೊದಲು ಕೇಳುವುದು ಈ ಫೈಲನ್ನೇ. ಬಾಗಿಲಲ್ಲೇ ಬೇಡ ಅಂದಿರಿ, ಅದು ಮರ್ಯಾದೆಯಾಗಿ ತಿರುಗಿ ಹೋಯಿತು. ಒಂದು ತಿಂಗಳಿಂದ ದಿನಾ ಬಂದು ಇದನ್ನೇ ಓದಿ ಹೋಗುತ್ತಿದೆ.

ವಿಳಾಸ ಮಾತ್ರ ಹೇಗೆ ಬಂತು ಅಂದರೆ, ನಿಮ್ಮ ಸೈಟಿಗೆ ಬೇರೆ ಯಾರೋ ಲಿಂಕ್ ಕೊಟ್ಟಿದ್ದಾರೆ. ಆ ಪುಟವನ್ನು ಕ್ರಾಲರ್ ಓದಿದೆ. ಅಲ್ಲಿಂದ ನಿಮ್ಮ ವಿಳಾಸವೂ ಲಿಂಕಿನ ಮೇಲೆ ಬರೆದ ಹೆಸರೂ ಸಿಕ್ಕಿದೆ. `Disallow` ಅನ್ನುವುದು ಪುಟ ತರಬೇಡ ಅನ್ನುತ್ತದೆಯೇ ಹೊರತು ಹೆಸರು ಬರೆದುಕೊಳ್ಳಬೇಡ ಅನ್ನುವುದಿಲ್ಲ. ಒಳಗೆ ಏನಿದೆ ಅಂತ ಅದಕ್ಕೆ ಗೊತ್ತಿಲ್ಲ, ಅದಕ್ಕೇ ವಿವರದ ಜಾಗ ಖಾಲಿ.

ಮಿಡಿಮಾವು_ಶಿರಸಿ

ಅಕ್ಷರಕ್ಕೆ ಅಕ್ಷರ ಹಾಗೇ ಇದೆ! ಸೈಟ್ ಮಾಡಿಕೊಟ್ಟ ಹುಡುಗನಿಗೆ ಫೋನ್ ಮಾಡಿದೆ, "ಓ ಅದಾ" ಅಂದ. ತೆಗೆಸಿದೆ.

ಯಲ್ಲಾಪುರ_ಲಿನಕ್ಸ್

ಒಂದು ಎಚ್ಚರಿಕೆ. ಲಾಗ್‌ನಲ್ಲಿ ಗೂಗಲ್‌ಬಾಟ್ ಅಂತ ಹೆಸರಿದ್ದರೆ ಅದು ಗೂಗಲ್ ಅಂತಲೇ ನಂಬಬೇಡಿ. ಆ ಹೆಸರು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಸಾಲಿನ ಮೊದಲಿಗೆ ಇರುವ ಐಪಿ ವಿಳಾಸ ನೋಡಿ:

```
host 66.249.66.1
host crawl-66-249-66-1.googlebot.com
```

ಮೊದಲನೆಯದಕ್ಕೆ googlebot.com ಹೆಸರು ಬರಬೇಕು, ಆ ಹೆಸರನ್ನು ತಿರುಗಿ ಕೇಳಿದರೆ ಅದೇ ಐಪಿ ಬರಬೇಕು. ಎರಡೂ ಕಡೆ ಹೊಂದಿದರೆ ಅಸಲಿ. ಭಟ್ರದ್ದು ಅಸಲಿ. ನಮ್ಮ ಸರ್ವರಿನಲ್ಲಿ ಹೀಗೆ ನೋಡಿದಾಗ ಆ ಹೆಸರಿನಲ್ಲಿ ಬಂದವರಲ್ಲಿ ನಕಲಿಗಳೂ ಇದ್ದರು, ಅವರಿಗೆ robots.txt ಎಲ್ಲ ಲೆಕ್ಕಕ್ಕೇ ಇಲ್ಲ.

ಕುಮಟಾ_ವೆಬ್

ಸರಿ, ಅದು ನನಗೆ ಹೊಳೆಯಲಿಲ್ಲ, ಒಪ್ಪಿದೆ. ಈಗ ತೆಗೆದಾಯಿತಲ್ಲ, ಇವತ್ತು ರಾತ್ರಿಯೇ ಎಲ್ಲ 112 ಪುಟ ಬಂದುಬಿಡುತ್ತವೆ ಬಿಡಿ.

ಕಾಳಿದಂಡೆ

ಇಲ್ಲ, ಅಷ್ಟು ಬೇಗ ಆಗುವುದಿಲ್ಲ. ಒಮ್ಮೆ ಓದಿದ robots.txt ಅನ್ನು ಕ್ರಾಲರ್ ಸುಮಾರು ಒಂದು ದಿನ ನೆನಪಿಟ್ಟುಕೊಳ್ಳುತ್ತದೆ, ಪುಟ ಪುಟಕ್ಕೂ ಕೇಳುತ್ತಾ ಕೂರುವುದಿಲ್ಲ. ಹಾಗಾಗಿ ತೆರೆದ ಬಾಗಿಲು ಅದಕ್ಕೆ ಗೊತ್ತಾಗುವುದೇ ನಾಳೆ. ಆಮೇಲೆ ಮೊದಲ ಪುಟ ತರುತ್ತದೆ, ಅದರಲ್ಲಿರುವ ಲಿಂಕುಗಳನ್ನು ತನ್ನ ಸರದಿಗೆ ಸೇರಿಸುತ್ತದೆ. ಆ ಸರದಿಯಲ್ಲಿ ಜಗತ್ತಿನ ಎಲ್ಲ ಸೈಟುಗಳ ವಿಳಾಸಗಳೂ ಇವೆ. ಯಾವುದನ್ನು ಮೊದಲು ತರಬೇಕು ಅನ್ನುವುದೇ ಕ್ರಾಲರಿನ ದೊಡ್ಡ ತಲೆನೋವು. ಜೊತೆಗೆ ಒಂದೇ ಸರ್ವರಿಗೆ ಒಮ್ಮೆಗೇ ನೂರು ಪುಟ ಕೇಳಿದರೆ ಸಣ್ಣ ಸರ್ವರ್ ಮಲಗುತ್ತದೆ. ಅದಕ್ಕೇ ಒಂದು ಕೇಳಿ, ಉತ್ತರ ಎಷ್ಟು ಬೇಗ ಬಂತು ನೋಡಿ, ಸ್ವಲ್ಪ ಬಿಟ್ಟು ಇನ್ನೊಂದು ಕೇಳುತ್ತದೆ. ಉತ್ತರ ತಡವಾದರೆ ಬಿಡುವು ಜಾಸ್ತಿ ಮಾಡುತ್ತದೆ. ಭಟ್ರು ನಿಧಾನದ ಬಗ್ಗೆ ಕೇಳಿದರಲ್ಲ, ನಿಧಾನ ತಾಗುವುದು ಇಲ್ಲಿ. ಹುಡುಕುವ ಹೊತ್ತಿಗಲ್ಲ, ತರುವ ಹೊತ್ತಿಗೆ.

ಗೋಕರ್ಣ_ಹುಡುಗ

ಸರದಿ ಅಂದದ್ದಕ್ಕೆ ನೆನಪಾಯಿತು. ನಮ್ಮ ಹೋಮ್‌ಸ್ಟೇ ಸೈಟಿನಲ್ಲಿ ಬುಕಿಂಗ್ ಕ್ಯಾಲೆಂಡರ್ ಇದೆ, ಕೆಳಗೆ "ಮುಂದಿನ ತಿಂಗಳು" ಅಂತ ಲಿಂಕ್. ಒಂದು ದಿನ ಲಾಗ್ ನೋಡಿದರೆ ಬಾಟ್ 2071ರ ಜುಲೈ ತಿಂಗಳಲ್ಲಿ ರೂಮ್ ಖಾಲಿ ಇದೆಯಾ ಅಂತ ನೋಡುತ್ತಿದೆ! ಸುಳ್ಳಲ್ಲ. ಅದೇ ಹೊತ್ತಿಗೆ ನಾವು ಹೊಸದಾಗಿ ಬರೆದ ಸರ್ಫಿಂಗ್ ಪುಟಕ್ಕೆ ಮೂರು ವಾರ ಬಂದೇ ಇರಲಿಲ್ಲ.

ಕಾಳಿದಂಡೆ

ಇದು ಹಳೆಯ ಬಲೆ. ಪ್ರತಿ ತಿಂಗಳ ಪುಟವೂ ಅದಕ್ಕೆ ಹೊಸ ವಿಳಾಸ, ಅದರೊಳಗೆ ಇನ್ನೊಂದು ಹೊಸ ವಿಳಾಸ, ಕೊನೆ ಅಂತ ಇಲ್ಲ. ಮನುಷ್ಯ ಮೂರು ಸಲ ಒತ್ತಿ ನಿಲ್ಲಿಸುತ್ತಾನೆ, ಪ್ರೋಗ್ರಾಮಿಗೆ ಬೇಸರ ಬರುವುದಿಲ್ಲ. ಒಂದು ಸೈಟಿಗೆ ಇಷ್ಟು ಸಲ ಹೋಗಬಹುದು ಅಂತ ಅದಕ್ಕೊಂದು ಮಿತಿ ಇರುತ್ತದೆ, ಆ ಮಿತಿಯೆಲ್ಲ ಕ್ಯಾಲೆಂಡರಿಗೇ ಖರ್ಚಾಯಿತು. ಕ್ಯಾಲೆಂಡರ್ ಇರುವ ವಿಳಾಸಕ್ಕಷ್ಟೇ `Disallow` ಹಾಕಿ. ಆ ಫೈಲ್ ಇರುವುದು ಇಂಥದ್ದಕ್ಕೆ.

ಮಿಡಿಮಾವು_ಶಿರಸಿ

ಹನ್ನೊಂದು ದಿನ ಆಯಿತು, ವರದಿ ಕೊಡುತ್ತಿದ್ದೇನೆ. ಮೊದಲ ದಿನ 9 ಪುಟ ತೆಗೆದುಕೊಂಡು ಹೋಯಿತು. ನಡುವೆ ಎರಡು ದಿನ ಗಾಳಿಮಳೆಗೆ ನಮ್ಮಲ್ಲಿ ಕರೆಂಟೇ ಇರಲಿಲ್ಲ, ಸರ್ವರ್ ಎಲ್ಲೋ ದೂರ ಇರುವುದರಿಂದ ಅದಕ್ಕೇನೂ ಆಗಿಲ್ಲ. ಈಗ 72 ಪುಟ ಲಾಗ್‌ನಲ್ಲಿ ಕಾಣುತ್ತಿವೆ. ಮೊದಲ ಪುಟಕ್ಕೆ ಮತ್ತೆ ಮತ್ತೆ ಬರುತ್ತಿದೆ, ಆದರೆ ಈಗ 200 ಬದಲು 304 ಅಂತ ಬೀಳುತ್ತಿದೆ. ಅದು ದೋಷವೇ? ಮತ್ತೆ ಹಳೆಯ 40 ಪುಟ ಒಂದೂ ಬಂದಿಲ್ಲ.

"ಜೀರಿಗೆ ಅಪ್ಪೆ ಉಪ್ಪಿನಕಾಯಿ" ಹುಡುಕಿದರೆ ಈಗ ಎರಡನೇ ಪುಟದಲ್ಲಿ ನಮ್ಮದು ಬರುತ್ತದೆ. ಅಮ್ಮನಿಗೆ ತೋರಿಸಿದೆ, "ಅದು ನಮ್ಮದೇ ಅಲ್ವಾ, ಇದರಲ್ಲಿ ಹುಡುಕುವುದೇನಿದೆ" ಅಂದರು.

ಕಾಳಿದಂಡೆ

304 ದೋಷ ಅಲ್ಲ, ಒಳ್ಳೆಯದೇ. ಹೋದ ಸಲ ತಂದ ಮೇಲೆ ಈ ಪುಟ ಬದಲಾಗಿದೆಯೇ ಅಂತ ಅದು ಕೇಳುತ್ತದೆ, ಇಲ್ಲ ಅಂತ ನಿಮ್ಮ ಸರ್ವರ್ ಹೇಳುತ್ತದೆ, ಪುಟ ಮತ್ತೆ ಕಳಿಸುವುದಿಲ್ಲ. ಇಬ್ಬರಿಗೂ ಉಳಿತಾಯ.

ಹಳೆಯ ಪುಟಗಳಿಗೆ ಓದುಗರು ಹೋಗುವುದು ಹೇಗೆ? ಎಲ್ಲಿ ಒತ್ತಬೇಕು?

ಮಿಡಿಮಾವು_ಶಿರಸಿ

ಸೈಟಿನೊಳಗೆ ಒಂದು ಹುಡುಕು ಪೆಟ್ಟಿಗೆ ಇಟ್ಟಿದ್ದೇವೆ. ಅದರಲ್ಲಿ ಮರದ ಹೆಸರು ಹೊಡೆದರೆ ಪುಟ ತೆರೆಯುತ್ತದೆ.

ಕಾಳಿದಂಡೆ

ಹಾಗಾದರೆ ಅವು ಕ್ರಾಲರಿಗೆ ಇಲ್ಲವೇ ಇಲ್ಲ. ಅದು ಲಿಂಕ್ ಹಿಡಿದು ಹೋಗುತ್ತದೆ, ಪೆಟ್ಟಿಗೆಯಲ್ಲಿ "ಅನಂತಭಟ್ಟನ ಅಪ್ಪೆ" ಅಂತ ಟೈಪ್ ಮಾಡಲು ಅದಕ್ಕೆ ಆ ಮರದ ಹೆಸರು ಮೊದಲೇ ಗೊತ್ತಿರಬೇಕಲ್ಲ. "ಹಳೆಯ ಬರಹಗಳು" ಅಂತ ಒಂದು ಪುಟ ಮಾಡಿ, 40 ಹೆಸರು ಬರೆದು ಒಂದೊಂದಕ್ಕೂ ಸಾದಾ ಲಿಂಕ್ ಕೊಡಿ, ಆ ಪುಟಕ್ಕೆ ಮೊದಲ ಪುಟದಿಂದ ಒಂದು ಲಿಂಕ್. ಸೈಟ್‌ಮ್ಯಾಪ್ ಫೈಲನ್ನೂ ಕೊಡಬಹುದು. ಆದರೆ ಅದು ವಿಳಾಸಗಳ ಪಟ್ಟಿ ಅಷ್ಟೇ. ಲಿಂಕ್ ಓದುಗರಿಗೂ ಕೆಲಸಕ್ಕೆ ಬರುತ್ತದೆ.

ಹೊನ್ನಾವರ_ಗ್ರಂಥಪಾಲ

ನಾನು ಮೂವತ್ತು ವರ್ಷ ಲೈಬ್ರರಿಯಲ್ಲಿ ಕಾರ್ಡು ಬರೆದವನು, ನಿವೃತ್ತ. ತರುವ ಕೆಲಸ ತಿಳಿಯಿತು. ತಂದ ಮೇಲೆ ಏನು ಮಾಡುತ್ತಾರೆ? ಕೋಟ್ಯಂತರ ಪುಟಗಳನ್ನು ಒಂದು ಕಡೆ ಪೇರಿಸಿಟ್ಟರೂ, ಕೇಳಿದಾಗ ಎಲ್ಲವನ್ನೂ ಮೊದಲಿಂದ ಓದಬೇಕಲ್ಲ. ನಾವು ಒಂದು ಪುಸ್ತಕಕ್ಕೆ ಲೇಖಕ, ಶೀರ್ಷಿಕೆ, ವಿಷಯ ಅಂತ ಮೂರು ಕಾರ್ಡು ಬರೆಯುತ್ತಿದ್ದೆವು. ಇವರೂ ಹಾಗೇ ಪುಟಕ್ಕೊಂದು ವಿಷಯ ಗುರುತಿಸುತ್ತಾರೋ?

ಕಾಳಿದಂಡೆ

ಸರ್, ನಿಮ್ಮ ಕಾರ್ಡಿಗಿಂತ ಪುಸ್ತಕದ ಕೊನೆಯ ಪದಸೂಚಿಗೆ ಹತ್ತಿರ. ವಿಷಯಕ್ಕೊಂದು ಕಾರ್ಡಲ್ಲ, ಪುಟದಲ್ಲಿರುವ ಪ್ರತಿ ಪದಕ್ಕೂ ಒಂದು ನಮೂದು. ಪ್ರತಿ ಪುಟಕ್ಕೆ ಒಂದು ಸಂಖ್ಯೆ ಕೊಡುತ್ತಾರೆ. ಆಮೇಲೆ ಯಾವ ಪದ ಯಾವ ಯಾವ ಪುಟದಲ್ಲಿದೆ ಅಂತ ಪಟ್ಟಿ ಮಾಡುತ್ತಾರೆ. ಭಟ್ರ ಸೈಟೇ ಇಡೀ ಜಗತ್ತು ಅಂತ ಇಟ್ಟುಕೊಳ್ಳೋಣ:

```
ಅಪ್ಪೆಮಿಡಿ     7, 31, 44
ಉಪ್ಪಿನಕಾಯಿ   7, 12, 44, 90
```

ಎರಡೂ ಪದ ಕೇಳಿದಿರಿ ಅಂತಿಟ್ಟುಕೊಳ್ಳಿ. ಒಂದೊಂದು ಪಟ್ಟಿಯ ಮೇಲೆ ಒಂದೊಂದು ಬೆರಳಿಡಿ. ಎರಡೂ 7ರ ಮೇಲಿವೆ, ಸಿಕ್ಕಿತು ಒಂದು. ಎರಡೂ ಬೆರಳು ಮುಂದೆ: ಮೇಲೆ 31, ಕೆಳಗೆ 12. ಯಾವುದು ಚಿಕ್ಕದೋ ಆ ಬೆರಳು ಮುಂದೆ ಹೋಗಬೇಕು, ಕೆಳಗಿನದು 44ಕ್ಕೆ ಬಂತು. ಈಗ 31 ಚಿಕ್ಕದು, ಮೇಲಿನ ಬೆರಳು 44ಕ್ಕೆ. ಸಿಕ್ಕಿತು ಇನ್ನೊಂದು. ಮೇಲಿನ ಪಟ್ಟಿ ಮುಗಿಯಿತು, ಕೆಲಸವೂ ಮುಗಿಯಿತು. 90ನೇ ಪುಟವನ್ನು ಮುಟ್ಟಲೇ ಇಲ್ಲ. ಈ ಎರಡು ಪದ ಇಲ್ಲದ ನೂರಕ್ಕೂ ಹೆಚ್ಚು ಪುಟಗಳನ್ನಂತೂ ನೋಡಲೇ ಇಲ್ಲ. ಪಟ್ಟಿ ಮೊದಲೇ ಏರಿಕೆಯ ಕ್ರಮದಲ್ಲಿ ಇರುವುದರಿಂದ ಮಾತ್ರ ಇದು ಸಾಧ್ಯ.

ಅದೇ ಕ್ರಮದಿಂದ ಇನ್ನೊಂದು ಲಾಭ ಇದೆ, ನನಗೆ ಬಹಳ ಇಷ್ಟವಾದದ್ದು. 7, 12, 44, 90 ಅಂತ ಬರೆಯುವ ಬದಲು ನಡುವಿನ ಅಂತರ ಬರೆಯುತ್ತಾರೆ: 7, 5, 32, 46. ನಾಲ್ಕು ಸಂಖ್ಯೆಗೆ ಇದರಲ್ಲೇನೂ ಹೆಚ್ಚಿಲ್ಲ ಅನ್ನಿಸುತ್ತದೆ. ಆದರೆ ಕೋಟಿ ಪುಟಗಳಲ್ಲಿರುವ "ಮತ್ತು" ಅನ್ನುವ ಪದಕ್ಕೆ ಪುಟಸಂಖ್ಯೆಗಳು ಎಂಟು ಒಂಬತ್ತು ಅಂಕಿಯವು, ಅಂತರಗಳು ಮಾತ್ರ ಒಂದು ಎರಡು ಮೂರು. 128ಕ್ಕಿಂತ ಚಿಕ್ಕ ಸಂಖ್ಯೆಯನ್ನು ಒಂದೇ ಬೈಟಿನಲ್ಲಿ ಇಡಬಹುದು. ಹಾಗಾಗಿ ಎಲ್ಲಕ್ಕಿಂತ ಉದ್ದದ ಪಟ್ಟಿಗಳೇ ಎಲ್ಲಕ್ಕಿಂತ ಚೆನ್ನಾಗಿ ಕುಗ್ಗುತ್ತವೆ.

ಹೊನ್ನಾವರ_ಗ್ರಂಥಪಾಲ

ಬೆರಳಿಟ್ಟು ಮಾಡಿ ನೋಡಿದೆ, ಸರಿ ಬಂತು. ಒಂದೇ ಒಂದು. ಪಕ್ಕಪಕ್ಕದಲ್ಲೇ ಇರಬೇಕು ಅಂತ ಕೇಳಿದರೆ? "ಜೀರಿಗೆ ಅಪ್ಪೆ" ಅಂದರೆ ಒಂದು ಮಿಡಿಯ ಹೆಸರು. ಒಂದೇ ಪುಟದಲ್ಲಿ ಒಗ್ಗರಣೆಗೆ ಜೀರಿಗೆ ಅಂತ ಒಂದು ಕಡೆ, ಅಪ್ಪೆಹುಳಿಗೆ ಅಪ್ಪೆ ಅಂತ ಇನ್ನೊಂದು ಕಡೆ ಇದ್ದರೆ ಅದು ನನಗೆ ಬೇಡ.

ಕಾಳಿದಂಡೆ

ಅದಕ್ಕೇ ಪುಟಸಂಖ್ಯೆಯ ಜೊತೆಗೆ ಪುಟದಲ್ಲಿ ಎಷ್ಟನೇ ಪದ ಅನ್ನುವುದನ್ನೂ ಬರೆದಿಡುತ್ತಾರೆ. 7ನೇ ಪುಟದಲ್ಲಿ ಜೀರಿಗೆ 15ನೇ ಪದ, ಅಪ್ಪೆ 16ನೇ ಪದ ಆದರೆ ಪಕ್ಕಪಕ್ಕ. 15 ಮತ್ತು 203 ಆದರೆ ಒಗ್ಗರಣೆ ಇರಬಹುದು.

ಮಿಡಿಮಾವು_ಶಿರಸಿ

ಪಟ್ಟಿ ಪುಟ ಮಾಡಿ ಒಂದು ವಾರ. 40 ಪುಟವನ್ನೂ ತೆಗೆದುಕೊಂಡು ಹೋಗಿದೆ, ಎಲ್ಲದಕ್ಕೂ 200. ಆದರೂ ಹುಡುಕಿದರೆ ಬರುವುದಿಲ್ಲ! 17ನೇ ಬರಹದ ಒಂದು ಪೂರ್ತಿ ಸಾಲನ್ನು ನೋಡಿಕೊಂಡು ಹಾಗೇ ಟೈಪ್ ಮಾಡಿದೆ. ಏನೂ ಇಲ್ಲ. ಪುಟ ತೆರೆದರೆ ಚೆಂದದ ಕನ್ನಡ ಕಾಣುತ್ತಿದೆ, ಹಾಗಾದರೆ ಇಂಡೆಕ್ಸ್‌ನಲ್ಲಿ ಯಾಕಿಲ್ಲ?

ಕುಮಟಾ_ವೆಬ್

ಹಳೆಯ ಲೇಖನ ಅಂತ ಗೂಗಲ್ ಕೆಳಗೆ ತಳ್ಳಿರುತ್ತದೆ. ದಿನಾಂಕ ಬದಲಾಯಿಸಿ ನೋಡಿ.

ಯಲ್ಲಾಪುರ_ಲಿನಕ್ಸ್

ಕೆಳಗೆ ತಳ್ಳುವುದು ಬೇರೆ, ಇಲ್ಲದೇ ಇರುವುದು ಬೇರೆ. ಪೂರ್ತಿ ಸಾಲು ಕೊಟ್ಟರೂ ಬರುವುದಿಲ್ಲ ಅಂದರೆ ಪದವೇ ಇಂಡೆಕ್ಸ್‌ನಲ್ಲಿಲ್ಲ. ಭಟ್ರೇ, ಆ ಪುಟದಿಂದ ಒಂದು ಸಾಲು ಕಾಪಿ ಮಾಡಿ ಇಲ್ಲಿ ಪೇಸ್ಟ್ ಮಾಡಿ. ಟೈಪ್ ಮಾಡಬೇಡಿ, ಪೇಸ್ಟ್ ಮಾಡಿ.

ಮಿಡಿಮಾವು_ಶಿರಸಿ

ಅಯ್ಯೋ ಇದೇನಿದು! "ಶಿರಸಿ" ಅನ್ನುವ ಪದ ಕಾಪಿ ಮಾಡಿದರೆ ಹೀಗೆ ಬರುತ್ತಿದೆ:

```
²gÀ¹
```

"ಕನ್ನಡ" ಮಾಡಿದರೆ `PÀ£ÀßqÀ`. ಪುಟದಲ್ಲಿ ಸರಿಯಾಗೇ ಇದೆಯಲ್ಲ!

ಕಾಳಿದಂಡೆ

2005 ಅಂದಾಗಲೇ ನಾನು ಕೇಳಬೇಕಿತ್ತು, ತಪ್ಪು ನನ್ನದು. ಚಿಕ್ಕಪ್ಪ ಟೈಪ್ ಮಾಡಿದ್ದು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಯೂನಿಕೋಡ್‌ನಲ್ಲಿ ಅಲ್ಲ. ಆ ಕಾಲದ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದವು. ಫೈಲಿನಲ್ಲಿ ಇರುವುದು P, ಫಾಂಟ್ ತೋರಿಸುವುದು ತಲೆಕಟ್ಟಿಲ್ಲದ ಕ. ಸೈಟ್ ಮಾಡಿದ ಹುಡುಗ ಆ ಫಾಂಟ್ ಫೈಲನ್ನೂ ಸೈಟಿನ ಜೊತೆ ಕಳಿಸುವ ಹಾಗೆ ಮಾಡಿದ್ದಾನೆ. ಹಾಗಾಗಿ ನಿಮ್ಮ ಕಣ್ಣಿಗೆ ಕನ್ನಡ.

ಇಂಡೆಕ್ಸ್ ಮಾಡುವ ಪ್ರೋಗ್ರಾಮಿಗೆ ಕಣ್ಣಿಲ್ಲ. ಅದು ಪುಟದ ಅಕ್ಷರಸಂಕೇತಗಳನ್ನು ತೆಗೆದುಕೊಂಡು ಪದಗಳಾಗಿ ಕತ್ತರಿಸುತ್ತದೆ. ಕತ್ತರಿಸುವ ಮೊದಲು ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದು ಮಾಡುವುದು ರೂಢಿ: ದೊಡ್ಡಕ್ಷರವನ್ನು ಚಿಕ್ಕದು ಮಾಡುವುದು, ಮೇಲೆ ಬರೆದ ಪುಟ್ಟ ² ಅನ್ನು ಸಾದಾ 2 ಮಾಡುವುದು ಇತ್ಯಾದಿ. ಆ ರೂಢಿ ಪಾಲಿಸುವ ಇಂಡೆಕ್ಸ್‌ನಲ್ಲಿ ನಿಮ್ಮ ಶಿರಸಿ ಹೋಗಿ ಕೂರುವುದು ಹೀಗೆ:

```
2gà1
```

ಪುಟ ಇಂಡೆಕ್ಸ್ ಆಗಿದೆ ಭಟ್ರೇ. 2gà1 ಅಂತ ಹುಡುಕುವವರು ಯಾರಾದರೂ ಇದ್ದರೆ ಅವರಿಗೆ ಸಿಗಬಹುದು.

ಹೊನ್ನಾವರ_ಗ್ರಂಥಪಾಲ

ಆದರೆ ಗೂಗಲ್ ಈಗ ಪುಟವನ್ನು ಬ್ರೌಸರಿನ ಹಾಗೆ ಬಿಡಿಸಿ ನೋಡುತ್ತದೆ ಅಂತ ಓದಿದ್ದೇನೆ. ಹಾಗಿದ್ದ ಮೇಲೆ ಫಾಂಟ್ ಕಾಣಬೇಕಲ್ಲವೇ?

ಕಾಳಿದಂಡೆ

ಒಳ್ಳೆಯ ಪ್ರಶ್ನೆ ಸರ್. ಬಿಡಿಸುವುದು ನಿಜ, ಜಾವಾಸ್ಕ್ರಿಪ್ಟ್ ಓಡಿಸಿದ ಮೇಲಷ್ಟೇ ಮೂಡುವ ಬರಹ ಸಿಗಲಿ ಅಂತ ಹಾಗೆ ಮಾಡುತ್ತಾರೆ. ಆದರೆ ಬಿಡಿಸಿದ ಮೇಲೂ ತೆಗೆದುಕೊಳ್ಳುವುದು ಅಕ್ಷರಸಂಕೇತವನ್ನೇ, ಪರದೆಯ ಮೇಲೆ ಮೂಡಿದ ಚಿತ್ರವನ್ನಲ್ಲ. ಭಟ್ರು ಕಾಪಿ ಮಾಡಿದಾಗ ಏನು ಸಿಕ್ಕಿತೋ ಅದಕ್ಕೂ ಅದೇ ಸಿಗುತ್ತದೆ. ಅದಕ್ಕೇ ಕಾಪಿ ಪೇಸ್ಟ್ ಪರೀಕ್ಷೆ ಇಷ್ಟು ಸರಿಯಾಗಿ ಹೇಳುತ್ತದೆ.

ಅಂಕೋಲೆ_ಮೀನು

ನಮ್ಮ ಹುಡುಗನ ಮದುವೆ ಕರೆಯೋಲೆ ವಾಟ್ಸಾಪಿನಲ್ಲಿ ಇದೇ ಥರ ಬಂದಿತ್ತು, ಯಾರೋ ಬೈದು ಕಳಿಸಿದ್ದಾರೆ ಅಂದುಕೊಂಡಿದ್ದೆ. (ಮ್ಯಾಪ್ ತಿದ್ದಲು ಕಳಿಸಿದ್ದೇನೆ ಅಕ್ಕ.)

ಯಲ್ಲಾಪುರ_ಲಿನಕ್ಸ್

ಹಳೆಯ ಪುಟಗಳನ್ನು ಯೂನಿಕೋಡ್‌ಗೆ ಪರಿವರ್ತನೆ ಮಾಡುವಾಗ ಹುಷಾರು ಭಟ್ರೇ. ನುಡಿಯ ಜೊತೆಗೇ ಪರಿವರ್ತಕ ಬರುತ್ತದೆ, ಬೇರೆಯವೂ ಇವೆ. ಒಂದೊಂದು ಸಂಕೇತಕ್ಕೆ ಒಂದೊಂದು ಅಕ್ಷರ ಅಂತ ನಾನೇ ಒಂದು ಸಲ ಬರೆಯಲು ಹೋಗಿ ಸೋತಿದ್ದೆ. ಕರ್ನಾಟಕ ಅನ್ನುವುದು ಹಳೆಯ ಫಾಂಟಿನಲ್ಲಿ `PÀ£ÁðlPÀ`. ಅದರಲ್ಲಿ ð ಅಂದರೆ ಅರ್ಕಾವತ್ತು, ಅದು ನಾ ಆದ ಮೇಲೆ ಬರುತ್ತದೆ, ಕೈಯಲ್ಲಿ ಬರೆಯುವ ಹಾಗೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಮೊದಲು ರ್, ಆಮೇಲೆ ನಾ. ಕ್ರಮ ತಿರುಗಿಸದಿದ್ದರೆ ಕಣ್ಣಿಗೆ ಅರೆಬರೆ ಸರಿ ಕಂಡರೂ ಇಂಡೆಕ್ಸ್‌ನಲ್ಲಿ ಬೇರೆ ಪದ ಆಗುತ್ತದೆ.

ಇನ್ನೊಂದು. ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಮಾಡಿಬಿಡುತ್ತದೆ. ಮಾವಿನ ಸಸ್ಯಶಾಸ್ತ್ರದ ಹೆಸರು ಬರೆದಿದ್ದರೆ ಅದೆಲ್ಲ ಕಲಸುಮೇಲೋಗರ.

ಮಿಡಿಮಾವು_ಶಿರಸಿ

ಪರಿವರ್ತನೆ ಮಾಡಿದೆವು, ತಂಗಿಯ ಮಗಳು ಕೂತು ಓದಿ ತಿದ್ದಿದಳು. ಯಲ್ಲಾಪುರದವರು ಹೇಳಿದ ಹಾಗೇ `Mangifera indica` ಇದ್ದಲ್ಲೆಲ್ಲ ಅರ್ಥವೇ ಇಲ್ಲದ ಕನ್ನಡ ಆಗಿತ್ತು, 23 ಕಡೆ. 37 ಪುಟ ಸರಿಯಾಗಿದೆ. ಉಳಿದ ಮೂರು ಟೈಪ್ ಮಾಡಿದ್ದೇ ಅಲ್ಲ, ಸ್ಕ್ಯಾನ್ ಮಾಡಿದ ಚಿತ್ರ. ಆ ಮೂರನ್ನು ಮಳೆಗಾಲದಲ್ಲಿ ಕೂತು ಹೊಡೆಯಬೇಕು.

ನಾಲ್ಕು ದಿನಕ್ಕೆ ಬಾಟ್ ಬಂತು, ಈ ಸಲ 304 ಇಲ್ಲ, 200. ಆಮೇಲೆ ಮೂರನೇ ದಿನ 17ನೇ ಬರಹದ ಆ ಸಾಲು ಹುಡುಕಿದರೆ ಮೊದಲನೆಯದಾಗಿ ಬಂತು. ಹಳೆಯ 2gà1 ಏನಾಗುತ್ತದೆ, ಅದೂ ಉಳಿದುಕೊಳ್ಳುತ್ತದೆಯೇ?

ಕಾಳಿದಂಡೆ

ಇಲ್ಲ, ಹೊಸ ಪ್ರತಿ ಬಂದಾಗ ಆ ಪುಟದ ಹಳೆಯ ನಮೂದುಗಳನ್ನು ರದ್ದು ಮಾಡುತ್ತಾರೆ. ಉದ್ದನೆಯ ಪಟ್ಟಿಗಳ ನಡುವಿನಿಂದ ಒಂದೊಂದು ಸಂಖ್ಯೆ ಕಿತ್ತು ತೆಗೆಯುವುದು ದುಬಾರಿ, ಅದಕ್ಕೆ ಮೊದಲು ಬರೀ ರದ್ದು ಅಂತ ಗುರುತು ಹಾಕಿ, ಪಟ್ಟಿಗಳನ್ನು ಮತ್ತೆ ಬೆಸೆಯುವಾಗ ಬಿಟ್ಟುಬಿಡುವುದು ಸಾಮಾನ್ಯ ಪದ್ಧತಿ.

ಮಿಡಿಮಾವು_ಶಿರಸಿ

ಇನ್ನೊಂದು ಬಾಕಿ ಇದೆ. "ಅಪ್ಪೆಮಿಡಿ" ಅಂತ ಹುಡುಕಿದಾಗ ಒಂದಷ್ಟು ಪುಟ ಬರುತ್ತವೆ, "ಅಪ್ಪೆಮಿಡಿಯನ್ನು" ಅಂದರೆ ಬೇರೆ ಪುಟ ಮೊದಲು ಬರುತ್ತವೆ. "ಅಪ್ಪೆ ಮಿಡಿ" ಅಂತ ಬಿಡಿಸಿ ಬರೆದರೆ ಮತ್ತೂ ಬೇರೆ. ಮೂರೂ ಒಂದೇ ಅಲ್ವಾ?

ಯಲ್ಲಾಪುರ_ಲಿನಕ್ಸ್

ನಮಗೆ ಒಂದೇ, ಪಟ್ಟಿಗೆ ಮೂರು. ಕನ್ನಡದಲ್ಲಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದೆ. ಅಪ್ಪೆಮಿಡಿಯ, ಅಪ್ಪೆಮಿಡಿಗೆ, ಅಪ್ಪೆಮಿಡಿಯಲ್ಲಿ, ಏನೂ ಮಾಡದಿದ್ದರೆ ಎಲ್ಲಕ್ಕೂ ಬೇರೆ ಬೇರೆ ನಮೂದು. ನಮ್ಮ ಕಚೇರಿಯ ಕಡತ ಹುಡುಕಲು ನಾನು ಒಂದು ಸಣ್ಣ ಇಂಡೆಕ್ಸ್ ಮಾಡಿದ್ದೆ. ಕೊನೆಯಲ್ಲಿ "ಗೆ" ಬಂದರೆ ಕತ್ತರಿಸು, "ಯ" ಬಂದರೆ ಕತ್ತರಿಸು ಅಂತ ನಿಯಮ ಬರೆದೆ. ಭಟ್ಕಳ ಮಲ್ಲಿಗೆ ಹುಡುಕಿದರೆ ಅದನ್ನು "ಮಲ್ಲಿ" ಮಾಡಿಕೊಂಡಿತು. ಮಲ್ಲಿ ಅನ್ನುವ ಹೆಸರಿನ ಹೆಂಗಸರ ಅರ್ಜಿಗಳೆಲ್ಲ ಬಂದವು.

ಕುಮಟಾ_ವೆಬ್

ಹುಡುಕುವ ಪದವನ್ನೂ ಹಾಗೇ ಕತ್ತರಿಸಿದರೆ ಎರಡೂ ಕಡೆ ಮಲ್ಲಿ ಆಯಿತಲ್ಲ, ಹೂವಿನ ಪುಟವೂ ಸಿಗಬೇಕು.

ಯಲ್ಲಾಪುರ_ಲಿನಕ್ಸ್

ಅದು ಸರಿ, ಮಲ್ಲಿಗೆ ಅಂತಲೇ ಇದ್ದ ಕಡತ ಸಿಕ್ಕಿತು. ತಪ್ಪಿಹೋದದ್ದು ಬೇರೆ. "ಮಲ್ಲಿಗೆಯ" ಅಂತಿದ್ದ ಕಡತದಲ್ಲಿ "ಯ" ಕತ್ತರಿಸಿ "ಮಲ್ಲಿಗೆ" ಅಂತ ನಮೂದಾಯಿತು, ಯಾಕೆಂದರೆ ನನ್ನ ನಿಯಮ ಒಂದೇ ಸಲ ಕತ್ತರಿಸುತ್ತಿತ್ತು. ನಾನು "ಮಲ್ಲಿಗೆ" ಅಂತ ಹುಡುಕಿದರೆ ಅದು "ಮಲ್ಲಿ" ಆಗುತ್ತದೆ. ಎರಡೂ ಭೇಟಿಯೇ ಆಗುವುದಿಲ್ಲ. ಹೆಚ್ಚು ಸಿಗಲಿ ಅಂತ ಮಾಡಿದ ನಿಯಮದಿಂದ ಕಡಿಮೆ ಸಿಕ್ಕಿತು.

ಕಾಳಿದಂಡೆ

ನಾವೂ ಇದರಲ್ಲಿ ಬಹಳ ಒದ್ದಾಡಿದ್ದೇವೆ. ಪದಕೋಶದಲ್ಲಿ ಇರುವ ಪದವಾದರೆ ಕತ್ತರಿಸಬೇಡ ಅಂತ ಒಂದು ದಾರಿ, ಆಗ ಮಲ್ಲಿಗೆ ಉಳಿಯುತ್ತದೆ. ಆದರೆ ಅಂಥ ಪದವೆಲ್ಲ ಪದಕೋಶದಲ್ಲಿ ಇರಬೇಕಲ್ಲ. ಕತ್ತರಿಸದೆ ಎಲ್ಲ ರೂಪಗಳನ್ನೂ ಇಟ್ಟು, ಹುಡುಕುವಾಗ ಹತ್ತಿರದ ರೂಪಗಳನ್ನು ಸೇರಿಸಿಕೊಳ್ಳುವುದು ಇನ್ನೊಂದು ದಾರಿ. ನನಗೆ ಇದು ಇಷ್ಟ, ಇಂಡೆಕ್ಸ್ ದೊಡ್ಡದಾದರೂ ಪರವಾಗಿಲ್ಲ.

ಯಲ್ಲಾಪುರ_ಲಿನಕ್ಸ್

ಒಪ್ಪುವುದಿಲ್ಲ ಅಕ್ಕ. ಒಂದು ನಾಮಪದಕ್ಕೆ ವಿಭಕ್ತಿ, ಬಹುವಚನ, ಮೇಲೆ "ಊ", "ಏ", "ಅಂತೆ" ಎಲ್ಲ ಸೇರಿ ಎಷ್ಟು ರೂಪ ಆಗುತ್ತದೆ ಲೆಕ್ಕ ಹಾಕಿ. ಹುಡುಕುವ ಹೊತ್ತಿಗೆ ಅಷ್ಟೂ ಪಟ್ಟಿಗಳ ಮೇಲೆ ಬೆರಳಿಡಬೇಕು. ಮೊದಲೇ ಮಾಡಬಹುದಾದ ಕೆಲಸವನ್ನು ಓದುಗ ಕಾಯುತ್ತಿರುವಾಗ ಮಾಡುವುದು ಯಾಕೆ?

ಕಾಳಿದಂಡೆ

ಇಂಡೆಕ್ಸ್‌ನಲ್ಲಿ ಕತ್ತರಿಸಿ ಎಸೆದದ್ದನ್ನು ಮತ್ತೆ ಹುಡುಕಿಕೊಳ್ಳಲು ಆಗುವುದಿಲ್ಲ. ನಿಯಮ ತಪ್ಪಿದ್ದರೆ ಎಲ್ಲ ಪುಟಗಳನ್ನೂ ಮತ್ತೆ ಸಂಸ್ಕರಿಸಬೇಕು. ನಿಮ್ಮ ಕಚೇರಿಯ ಕಡತಕ್ಕೆ ಒಂದು ರಾತ್ರಿ ಸಾಕು, ವೆಬ್‌ಗೆ ಸಾಕಾಗುವುದಿಲ್ಲ.

ಭಟ್ರೇ, ನಮ್ಮ ಜಗಳ ಮುಗಿಯುವ ತನಕ ಕಾಯಬೇಡಿ. ಪ್ರತಿ ಪುಟದ ತಲೆಬರಹದಲ್ಲಿ "ಅಪ್ಪೆಮಿಡಿ" ಅಂತ ಪ್ರತ್ಯಯ ಇಲ್ಲದೆ ಒಂದು ಸಲ ಬರಲಿ, ಒಳಗೆಲ್ಲಾದರೂ "ಅಪ್ಪೆ ಮಿಡಿ" ಅಂತಲೂ ಒಂದು ಸಲ.

ಮಿಡಿಮಾವು_ಶಿರಸಿ

17ನೇ ಬರಹದ ತಲೆಬರಹ "ಅಪ್ಪೆಮಿಡಿಯ ಭರಣಿ" ಅಂತಿತ್ತು. "ಅಪ್ಪೆಮಿಡಿ: ಭರಣಿ ತುಂಬುವ ಬಗೆ" ಅಂತ ಮಾಡಿದೆ. ಚಿಕ್ಕಪ್ಪ ನೋಡಿ, ಮೊದಲಿನದೇ ಚೆನ್ನಾಗಿತ್ತು ಅಂದರು. ಲಾಗ್‌ನಲ್ಲಿ ಇನ್ನೂ ಆ ಪುಟಕ್ಕೆ ಬಂದದ್ದು ಕಾಣುತ್ತಿಲ್ಲ.